ಅವಳ ಪ್ಯಾರಾಗ್ರಾಫಿಗೆ ನಾನು ಸೇರಿಸಿದ ಸಾಲು

ನನ್ನ ನೆಗೆಣ್ಣಿಯ ಮೇಲೆ, ಅಂದರೆ ನನ್ನ ಮೈದುನನ ಹೆಂಡತಿಯ ಮೇಲೆ, ನನಗೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಇದನ್ನು ಬರೆದಿಡಲು ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಜೆಲಸಿ ಒಂದು ಪಾಪ ಎಂದು ಹೇಳಿಕೊಟ್ಟಿದ್ದರು. ಆದರೆ ಆ ಪಾಪವನ್ನು ಒಪ್ಪಿಕೊಳ್ಳುವಾಗಲೂ ಸ್ಪೆಲ್ಲಿಂಗ್ ತಪ್ಪಬಾರದು ಎಂದೂ ಹೇಳಿಕೊಟ್ಟಿದ್ದರು. ಆದ್ದರಿಂದ ಸರಿಯಾಗಿಯೇ ಬರೆಯುತ್ತೇನೆ.

ಹೊಸಪೇಟೆಯ ಒಂದು ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಕೈಯಲ್ಲಿ ಗ್ರಾಮರ್ ಕಲಿತ ಹುಡುಗಿಯೊಬ್ಬಳು ಈಗ ಊರಿನ ಒಂದು ವಾರಪತ್ರಿಕೆಯ ಸಂಪಾದಕಿ. ಹೋದ ಬೇಸಿಗೆಯಲ್ಲಿ ಆ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ತಿಂಗಳಿಗೊಮ್ಮೆ ಒಂದು ಪುಟವನ್ನು ಪತ್ತೇದಾರಿ ಕಥೆಗೆ ಬಿಡುತ್ತಾರಂತೆ, ಬರೆಯುವವರು ನಮ್ಮ ಕಡೆಯ ಹೆಂಗಸೇ ಆಗಿರಬೇಕಂತೆ. ಆಯ್ಕೆಗೆ ಒಂದೇ ಪರೀಕ್ಷೆ. ಸಂಪಾದಕಿ ಒಂದು ಸಪ್ಪೆ ಪ್ಯಾರಾಗ್ರಾಫ್ ಕೊಟ್ಟಿದ್ದಳು. ಅದನ್ನು ಪತ್ತೇದಾರನೊಬ್ಬ ತಾನೇ ಅಲ್ಲಿ ಕೂತು ನೋಡಿ ಹೇಳಿದ ಹಾಗೆ ತಿರುಗಿಸಿ ಬರೆಯಬೇಕು.

ಆ ಪ್ಯಾರಾಗ್ರಾಫ್ ಇದು:

‘ಮಧ್ಯಾಹ್ನ ಒಬ್ಬ ಹೆಂಗಸು ಕಂಪ್ಲಿಯ ಅಕ್ಕಿ ಗಿರಣಿಗೆ ಬಂದು, ಮಾಲೀಕರ ಎದುರು ಕೂತು, ತನ್ನ ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲವೆಂದು ಹೇಳಿ ಅತ್ತಳು. ಅವಳು ತುಂಬಾ ದಣಿದಿದ್ದಳು. ಮಾಲೀಕರು ಅವಳಿಗೆ ಚಹಾ ಕೊಟ್ಟರು. ತಾನು ಹಂಪಿಯಿಂದ ಬಸ್ಸಿನಲ್ಲಿ ಬಂದೆ ಎಂದಳು, ಆದರೆ ಅವಳು ಸುಳ್ಳು ಹೇಳುತ್ತಿದ್ದಳು.’

ಆ ಪುಟ ನನಗೆ ಬೇಕಿತ್ತು. ಕಾನ್ವೆಂಟಿನ ಲೈಬ್ರರಿಯಲ್ಲಿ ಸಿಸ್ಟರುಗಳು ಮೇಲಿನ ಖಾನೆಗೆ ಎತ್ತಿಟ್ಟಿದ್ದ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳನ್ನು ಸ್ಟೂಲು ಹತ್ತಿ ಇಳಿಸಿಕೊಂಡು ಓದಿದವಳು ನಾನು. ಊರಿನಲ್ಲಿ ಇದು ಬೇರೆ ಯಾರ ಸೊತ್ತೂ ಅಲ್ಲ ಎಂದೇ ನಂಬಿದ್ದೆ. ಜೀವನವಿಡೀ ಬೇರೆಯವರ ಕಾಂಪೋಸಿಷನ್ನಿಗೆ ಕೆಂಪು ಇಂಕು ಹಾಕಿದ್ದೇನೆ. ನನ್ನದು ಅಂತ ಅಚ್ಚಾದ ಒಂದು ಪುಟವೂ ಇಲ್ಲ.

ಮೊದಲ ಡ್ರಾಫ್ಟನ್ನು ಒಂದೇ ಬೆಳಿಗ್ಗೆ ಬರೆದು, ಸಂಪಾದಕಿಯ ಆಫೀಸಿಗೆ ನಾನೇ ಒಯ್ದೆ. ಕಡೆಯ ದಿನಕ್ಕೆ ಇನ್ನೂ ಸಮಯವಿತ್ತು. ಅವಳು ಎದ್ದು ನಿಂತು ಕುರ್ಚಿ ಕೊಟ್ಟಳು. ಓದುತ್ತ ಓದುತ್ತ ಕೆಳತುಟಿ ಕಚ್ಚಿಕೊಂಡಳು. ಹೋಂವರ್ಕ್ ಮಾಡದ ದಿನ ಅವಳು ಹೀಗೇ ಕಚ್ಚಿಕೊಳ್ಳುತ್ತಿದ್ದಳು.

“ಮಿಸ್, ಒಂದ್ ಮಾತು ಕೇಳ್ಲೇನ್ರಿ?”

“ಕೇಳವಾ.”

“ಕಂಪ್ಲಿ ಗಿರಣಿ ಒಳಗ, ಬ್ಯಾಸಗಿ ಮಧ್ಯಾಹ್ನದಾಗ, ಇಂವ ಓವರ್‌ಕೋಟ್ ಯಾಕ ಹಾಕ್ಕೊಂಡಾನ್ರಿ?”

ನಾನು ಹಾಳೆಯ ಕಡೆ ಬಗ್ಗಿ ನೋಡಿದೆ.

“ಮತ್ತ ಮಳಿ ಬ್ಯಾರೆ ಬರಾಕತ್ತೈತಿ. ನಾ ಕೊಟ್ಟಿದ್ರಾಗ ಮಳಿ ಇಲ್ರಿ ಮಿಸ್.”

ಅವಳು ಹೇಳಿದ್ದು ಸರಿ ಇತ್ತು. ನಾನು ಆ ಕಾದಂಬರಿಗಳ ನೆನಪಿನಿಂದ ಬರೆದಿದ್ದೆ, ನೋಡಿ ಬರೆದಿರಲಿಲ್ಲ. ಹಾಳೆ ವಾಪಸು ತಂದೆ.

ಎರಡನೆಯ ಡ್ರಾಫ್ಟಿಗೆ ನಾಲ್ಕು ದಿನ ಹಿಡಿಯಿತು. ಟೀಚರಂತೆ ಕೂತೆ. ಸಪ್ಪೆ ಪ್ಯಾರಾಗ್ರಾಫಿನಲ್ಲಿ ಎಲ್ಲಿ ಏನು ಸಡಿಲ ಎಂದು ಮೊದಲು ಗುರುತು ಹಾಕಿದೆ. ಕನ್ನಡದ ಕ್ರಿಯಾಪದಗಳಿಗೆ ಒಂದು ಚಾಳಿ ಇದೆ. ಒಂದರ ಬಾಲ ಇನ್ನೊಂದು ಹಿಡಿದುಕೊಳ್ಳುತ್ತದೆ: ಬಂದು, ಕೂತು, ಹೇಳಿ, ಅತ್ತಳು. ಅಜ್ಜಿ ಕಥೆ ಹೇಳುವಾಗ ಇದು ಚೆಂದ. ಪತ್ತೇದಾರನಿಗೆ ಆಗದು. ಅವನು ಒಂದೊಂದನ್ನೂ ಬೇರೆ ಬೇರೆ ನೋಡುವವನು. ಆದ್ದರಿಂದ ಸರಪಳಿ ಕಡಿದೆ. ಬಂದಳು. ಕೂತಳು. ಹೇಳಿದಳು. ಒಂದೊಂದು ಕೆಲಸಕ್ಕೆ ಒಂದೊಂದು ವಾಕ್ಯ. ‘ಅವಳು’ ಎಂಬ ಪದವನ್ನು ಹೊಡೆದುಹಾಕಿದೆ, ‘ಬಂದಳು’ ಎಂಬುದರಲ್ಲಿಯೇ ಅವಳು ಇದ್ದಾಳಲ್ಲ. ಇಂಗ್ಲಿಷಿನಲ್ಲಿ ಈ ಉಳಿತಾಯ ಸಾಧ್ಯವಿಲ್ಲ ಎಂದು ನನಗೇ ಸ್ವಲ್ಪ ಹೆಮ್ಮೆಯಾಯಿತು. ಕೆಲವು ಕಡೆ ಕ್ರಿಯಾಪದವನ್ನೇ ತೆಗೆದೆ. ‘ಗಿರಣಿಯ ಬಾಗಿಲಲ್ಲಿ ಒಬ್ಬ ಹೆಂಗಸು.’ ಅಷ್ಟೇ, ‘ನಿಂತಿದ್ದಳು’ ಬೇಕಿಲ್ಲ.

ಆಮೇಲೆ ‘ಆದರೆ’. ಅದು ಬರೆಯುವವನ ತಲೆಯೊಳಗಿನ ಮಾತು, ಕಣ್ಣಿಗೆ ಕಂಡದ್ದಲ್ಲ. ತೆಗೆದೆ. ‘ತುಂಬಾ ದಣಿದಿದ್ದಳು’ ಎಂಬುದೂ ತೀರ್ಪು. ಪತ್ತೇದಾರ ತೀರ್ಪು ಕೊಡುವುದಿಲ್ಲ, ದಣಿದವರು ಏನು ಮಾಡುತ್ತಾರೋ ಅದನ್ನು ತೋರಿಸುತ್ತಾನೆ. ಹೆಂಗಸು ಹೇಳಿದ್ದಕ್ಕೆಲ್ಲ ‘ಎಂದಳು’ ಎಂದು ಮಾತ್ರ ಹಾಕಿದೆ. ‘ಅಂತೆ’ ಹಾಕಲಿಲ್ಲ. ‘ಬಂದಿಲ್ಲವಂತೆ’ ಎಂದರೆ ಕಟ್ಟೆಯ ಮೇಲಿನ ಸುದ್ದಿಯಾಗುತ್ತದೆ. ‘ಬಂದಿಲ್ಲ ಎಂದಳು’ ಎಂದರೆ ಅವಳ ಮಾತು ಅವಳ ತಲೆಯ ಮೇಲೆಯೇ ಇರುತ್ತದೆ, ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ಇಷ್ಟೆಲ್ಲ ಆದ ಮೇಲೆ ಹೀಗೆ ನಿಂತಿತು:

‘ಮಧ್ಯಾಹ್ನ ಮೂರು. ಗಿರಣಿಯ ಬಾಗಿಲಲ್ಲಿ ಒಬ್ಬ ಹೆಂಗಸು. ಒಳಗೆ ಬಂದಳು. ಮಾಲೀಕರ ಎದುರು ಕೂತಳು. ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲ ಎಂದಳು. ಅತ್ತಳು. ಮಾಲೀಕರು ಚಹಾ ಕೊಟ್ಟರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಹಂಪಿಯಿಂದ ಬಂದೆ ಎಂದಳು. ಬಸ್ಸಿನಲ್ಲಿ. ನನ್ನ ಕಡೆ ನೋಡಲಿಲ್ಲ.’

ನನಗೆ ಭಾಳ ಇಷ್ಟವಾಯಿತು. ಇಷ್ಟವಾದದ್ದನ್ನು ಯಾರಿಗಾದರೂ ಓದಿ ಹೇಳಬೇಕು. ವರ್ಷದ ಅಕ್ಕಿಯ ಸಲುವಾಗಿ ಆ ವಾರ ಹೇಗೂ ಕಂಪ್ಲಿಗೆ ಹೋಗುವುದಿತ್ತು. ಹಾಳೆಯನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಕಂಪ್ಲಿಯಲ್ಲಿ ಮೈದುನನಿಗೆ ಒಂದು ಸಣ್ಣ ಅಕ್ಕಿ ಗಿರಣಿ ಇದೆ. ಮನೆ ಅದರ ಹಿಂದೆಯೇ. ಅವನ ಹೆಂಡತಿ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಗಿರಣಿಗೆ ಬರುವವರನ್ನು ಅಡಿಗೆಮನೆಯ ಕಿಟಕಿಯಿಂದಲೇ ಅಳೆದುಬಿಡುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ, “ದೊಡ್ಡಾಕಿಗೆ ಓದು ಐತಿ, ಸಣ್ಣಾಕಿಗೆ ಕಣ್ಣು ಐತಿ,” ಎಂದಿದ್ದರು. ಕಣ್ಣಿಗಿಂತ ಓದೇ ಹೆಚ್ಚು ಎಂದು ಆಗ ತಿಳಿದಿದ್ದೆ.

ಊಟ ಮುಗಿದಿತ್ತು. ಕರೆಂಟು ಹೋಗಿ ಗಿರಣಿ ನಿಂತಿತ್ತು. ಆ ಮನೆಯಲ್ಲಿ ಕರೆಂಟು ಹೋದಾಗಲೇ ಮಾತು ಕೇಳಿಸುವುದು. ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ನುಚ್ಚು ಬೇರೆ ಮಾಡುತ್ತಿದ್ದಳು. ನಾನು ಮೊದಲು ಪತ್ರಿಕೆಯ ಸಪ್ಪೆ ಪ್ಯಾರಾಗ್ರಾಫನ್ನು, ಆಮೇಲೆ ನನ್ನದನ್ನು ಓದಿದೆ.

“ಚಲೋ ಐತ್ರಿ ಅಕ್ಕಾ,” ಎಂದಳು. ಮೊರ ನಿಲ್ಲಿಸಲಿಲ್ಲ. “ಆದ್ರ ಆಕಿ ಸುಳ್ಳು ಹೇಳಾಕತ್ಯಾಳಂತ ಹೆಂಗ ಗೊತ್ತಾಗಬೇಕು?”

“ನೋಡಲಿಲ್ಲ ಅಂತ ಬರೆದೀನಲ್ಲ. ಮುಖ ತಪ್ಪಿಸ್ತಾಳೆ.”

ಅವಳು ನಕ್ಕಳು. “ಹೆಣ್ಣಮಗಳು, ಪರಗಂಡಸರ ಮುಂದ ಕುಂತು ಅಳಾಕತ್ಯಾಳ. ಖರೆ ಹೇಳಿದ್ರೂ ಮಕ ನೋಡಂಗಿಲ್ರಿ. ನೋಡಿದ್ಳಂದ್ರ ಅದು ಸುಳ್ಳು.”

ಕಾದಂಬರಿಗಳಲ್ಲಿ ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ. ಕಂಪ್ಲಿಯಲ್ಲಿ ಎಲ್ಲ ಹೆಂಗಸರೂ ತಪ್ಪಿಸುತ್ತಾರೆ. ನಾನೂ ತಪ್ಪಿಸುತ್ತಿದ್ದೆ.

“ಹಂಗಾರ ನೀ ಹೇಳು ನೋಡೋಣ,” ಎಂದೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸುವ ಧ್ವನಿ ಅದು. ನನಗೆ ಗೊತ್ತು.

ಅವಳು ಮೊರ ಕೆಳಗಿಟ್ಟಳು. ಕಿಟಕಿಯ ಕಡೆ ನೋಡುತ್ತ, ಅಲ್ಲಿ ನಿಜವಾಗಿಯೂ ಯಾರೋ ಬಂದವರಂತೆ, ಹೇಳತೊಡಗಿದಳು. ಒಂದು ಹೇಳುತ್ತಿದ್ದಳು, ನಿಲ್ಲುತ್ತಿದ್ದಳು, ಇನ್ನೊಂದು ಹೇಳುತ್ತಿದ್ದಳು. ನಾನು ನನ್ನ ಹಾಳೆಯ ಹಿಂಬದಿಗೇ ಬರೆದುಕೊಂಡೆ. ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದು ಬಿಟ್ಟರೆ ಏನೂ ಬದಲಿಸಲಿಲ್ಲ. ಆ ಹೊತ್ತಿಗೆ ಬದಲಿಸಲಿಲ್ಲ.

‘ಮಧ್ಯಾಹ್ನ. ಕರೆಂಟಿಲ್ಲ. ಗಿರಣಿ ನಿಂತಿತ್ತು. ಒಬ್ಬ ಹೆಂಗಸು ಬಂದಳು. ಚಪ್ಪಲಿ ಹೊರಗೆ ಬಿಟ್ಟಳು. ಇರಲಿ ಬಿಡಮ್ಮ ಎಂದರು ಮಾಲೀಕರು. ಬಿಟ್ಟೇ ಬಂದಳು. ಕೂತಳು. ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲ ಎಂದಳು. ಅತ್ತಳು. ಕಣ್ಣೊರೆಸಲು ಸೆರಗು ಎತ್ತಿದಳು. ಸೆರಗಿನ ತುದಿ ನೋಡಿದಳು. ಕೆಳಗೆ ಬಿಟ್ಟಳು. ಅಂಗೈಯಿಂದ ಒರೆಸಿಕೊಂಡಳು. ಚಹಾ ಬಂತು. ಸಾಸರಿಗೆ ಸುರಿದಳು. ಎರಡೇ ಗುಟುಕು. ಯಾವ ಊರು ಎಂದು ಕೇಳಿದರು. ಹಂಪಿ ಎಂದಳು. ಬಸ್ಸಿಗೆ ಬಂದೆ ಎಂದಳು. ಹೋದಳು. ನಾನು ಎದ್ದು ಬಾಗಿಲಿಗೆ ಹೋದೆ. ಚಪ್ಪಲಿ ಇದ್ದ ಕಡೆ ಎರಡು ಗುರುತು. ಕೆಂಪು.’

ಬರೆದು ಮುಗಿಸಿ ನಾನು ತಲೆ ಎತ್ತಲಿಲ್ಲ.

ನಮ್ಮ ಕಡೆಯವರಿಗೆ ಆ ಒಂದು ಪದ ಸಾಕು. ಹಂಪಿಯ ದಾರಿಯ ಧೂಳು ಬೂದಿ ಬಣ್ಣ. ಕಂಪ್ಲಿಯದು ಗದ್ದೆಯ ಕಪ್ಪು ಮಣ್ಣು. ಕಾಲಿಗೆ, ಸೆರಗಿಗೆ ಕೆಂಪು ಹತ್ತಬೇಕಾದರೆ ಸಂಡೂರಿನ ಕಬ್ಬಿಣದ ಅದಿರಿನ ಗಣಿ ಕಡೆಯ ಲಾರಿಗಳ ಹಿಂದೆಯೇ ನಡೆದಿರಬೇಕು. ಸೆರಗಿನಿಂದ ಒರೆಸಿಕೊಂಡಿದ್ದರೆ ಮುಖಕ್ಕೆ ಕೆಂಪು ಬಳಿದುಕೊಳ್ಳುತ್ತಿತ್ತು. ಅದು ಅವಳಿಗೆ ಗೊತ್ತು, ಅದಕ್ಕೇ ಕೆಳಗೆ ಬಿಟ್ಟಳು. ಇಡೀ ಪ್ಯಾರಾಗ್ರಾಫಿನಲ್ಲಿ ‘ಸುಳ್ಳು’ ಇಲ್ಲ, ‘ದಣಿವು’ ಇಲ್ಲ, ಅಡ್ಜೆಕ್ಟಿವ್ ಅನ್ನುವಂಥದ್ದೇ ಇಲ್ಲ. ಒಂದೇ ಒಂದು ಬಣ್ಣ. ಅದೂ ಕಟ್ಟಕಡೆಗೆ. ನಾನು ನಾಲ್ಕು ದಿನ ಕೂತು ಕಂಡುಕೊಂಡ ನಿಯಮಗಳನ್ನು ಅವಳು ನುಚ್ಚು ಬೇರೆ ಮಾಡುವ ಹೊತ್ತಿನಲ್ಲಿ ಪಾಲಿಸಿದ್ದಳು. ನನಗೆ ಸಿಗದೇ ಹೋದ ಕೊನೆಯ ನಿಯಮವನ್ನೂ ಪಾಲಿಸಿದ್ದಳು. ಕಂಡದ್ದನ್ನು ಹೇಳಬೇಕು, ತಿಳಿದದ್ದನ್ನು ಹೇಳಬಾರದು.

ಹೊಟ್ಟೆಯಲ್ಲಿ ಉರಿದದ್ದು ಬೇರೆಯೇ ಕಾರಣಕ್ಕೆ. ನನ್ನ ಯಜಮಾನರು ಗಣಿ ಕಂಪನಿಯ ಆಫೀಸಿನಲ್ಲಿದ್ದಾಗ ನಾವು ಸಂಡೂರಿನ ಹತ್ತಿರದ ಯಶವಂತನಗರದಲ್ಲಿ ವರ್ಷಗಟ್ಟಲೆ ಇದ್ದವರು. ಅವರ ಬಿಳಿ ಶರ್ಟಿನ ಕಾಲರುಗಳಿಂದ ಆ ಕೆಂಪನ್ನು ಉಜ್ಜಿ ಉಜ್ಜಿ ನನ್ನ ಬೆರಳಿನ ಸಂದಿಗಳು ಒಡೆದಿದ್ದವು. ಹಾಸಿಗೆಯ ಮೇಲೆ ಕೆಂಪು, ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕೆಂಪು. ಅವಳು ಅಲ್ಲಿಗೆ ಬಂದದ್ದು ಎರಡೋ ಮೂರೋ ಸಲ, ಒಂದೊಂದು ಹಗಲಿಗೆ. ಆ ಧೂಳು ನನ್ನದಾಗಿತ್ತು. ಅದನ್ನು ಅವಳು ಎತ್ತಿಕೊಂಡಿದ್ದಳು.

“ಹೆಂಗೈತ್ರಿ?” ಎಂದಳು.

“ಪರವಾಗಿಲ್ಲ,” ಎಂದೆ. “ನೀನೂ ಕಳಿಸ್ತೀಯೇನು?”

“ನಾನೇನ್ ಕಳಸೋದು.” ಮತ್ತೆ ಮೊರ ಎತ್ತಿಕೊಂಡಳು. “ಕಳಸ್ರಿ ಬೇಕಾದ್ರ. ಸುಮ್ನ.”

ಸುಮ್ನ ಎಂದಳಲ್ಲ. ಆ ‘ಸುಮ್ನ’ವನ್ನೇ ಹಿಡಿದುಕೊಂಡು ಹೊಸಪೇಟೆಗೆ ಬಂದೆ.

ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಎರಡನ್ನೂ ಟೈಪ್ ಮಾಡಿದೆ. ಅವಳದನ್ನು ಕಳಿಸದೇ ಬಿಡಬಹುದಿತ್ತು. ಅದು ಕಳ್ಳತನ ಅನ್ನಿಸಿತು. ಹಾಗಾಗಿ ಅದಕ್ಕಿಂತ ಡೀಸೆಂಟಾದ ದಾರಿ ಹುಡುಕಿದೆ. ಅವಳ ಪ್ಯಾರಾಗ್ರಾಫಿನ ‘ಕೆಂಪು’ ಆದ ಮೇಲೆ ಒಂದು ಸಾಲು ಸೇರಿಸಿದೆ. ‘ಏಕೆಂದರೆ ಅವಳು ಬಂದದ್ದು ಹಂಪಿಯಿಂದಲ್ಲ, ಸಂಡೂರಿನ ಗಣಿಯ ಕಡೆಯಿಂದ.’ ದೂರದ ಓದುಗರಿಗೆ ಅರ್ಥವಾಗಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗ್ರಾಮರಿನ ಪ್ರಕಾರ ತಪ್ಪೇನಿಲ್ಲ. ಸತ್ಯವನ್ನೇ ಬರೆದಿದ್ದೆ. ಏನು ಮಾಡುತ್ತಿದ್ದೇನೆ ಎಂದೂ ಪೂರ್ತಿ ಗೊತ್ತಿತ್ತು. ಪತ್ತೇದಾರ ಬಾಯಿಬಿಟ್ಟು ವಿವರಿಸಿದ ಕೂಡಲೇ ಅವನು ಮೇಷ್ಟ್ರಾಗಿಬಿಡುತ್ತಾನೆ. ಮೇಷ್ಟ್ರಿಕೆ ನನಗೆ ಗೊತ್ತಿಲ್ಲದ ವಿಷಯವೇ?

ನನ್ನ ಪ್ಯಾರಾಗ್ರಾಫಿನಲ್ಲಿ ‘ನನ್ನ ಕಡೆ ನೋಡಲಿಲ್ಲ’ ಎಂಬುದನ್ನು ತೆಗೆದೆ. ‘ಟಿಕೆಟ್ ತೋರಿಸು ಎಂದೆ. ಬಿಸಾಡಿದೆ ಎಂದಳು’ ಎಂದು ಹಾಕಿದೆ. ಕೆಟ್ಟದ್ದೇನಲ್ಲ. ಆದರೆ ಅದು ಯಾವ ಊರಿನಲ್ಲಾದರೂ ನಡೆಯಬಹುದಾದ ಮಾತು. ನನ್ನದನ್ನು ನನ್ನ ಹೆಸರಿನಲ್ಲಿ, ಅವಳದನ್ನು ಅವಳ ಹೆಸರಿನಲ್ಲಿ ಕಳಿಸಿದೆ.

ವಾರದ ಮೇಲೆ ಸಂಪಾದಕಿ ಫೋನ್ ಮಾಡಿದಳು. “ಮಿಸ್, ನಿಮ್ದ ಆಯ್ಕೆ ಆಗೈತ್ರಿ. ನಿಮ್ ನೆಗೆಣ್ಣೇರದು ಭಾಳ ಮಸ್ತ್ ಇತ್ರಿ. ಕಡೀ ಸಾಲಿನಾಗ ಕೆಟ್ಟು ಹೋತು. ಎಲ್ಲಾ ಕಟ್ಟಿ ಕೊನಿಗೆ ತಾವ ಬಿಚ್ಚಿಬಿಟ್ರು. ಅವರ್ದೂ ಪಕ್ಕಕ್ಕ ಹಾಕ್ತೀವಿ, ಮೆಚ್ಚುಗೆ ಅಂತ.”

“ಪಾಪ,” ಎಂದೆ. ಆ ಪದ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಅಸಹ್ಯವಾಯಿತು.

ಪತ್ರಿಕೆ ಬಂದ ಎರಡನೆಯ ದಿನಕ್ಕೆ ನೆಗೆಣ್ಣಿ ಹೊಸಪೇಟೆಗೆ ಬಂದಳು. ಕನ್ನಡಕದ ಗಾಜು ಬದಲಿಸುವುದಿತ್ತಂತೆ. ಚೀಲದಿಂದ ಹೊಸ ಅಕ್ಕಿಯ ಒಂದು ಗಂಟು ತೆಗೆದಳು, ಅದರ ಕೆಳಗಿನಿಂದ ಪತ್ರಿಕೆ ತೆಗೆದಳು. ಅಡಿಗೆಮನೆಯ ಕಟ್ಟೆಯ ಮೇಲೆ ಹರಡಿ, ಮಡಿಕೆಯನ್ನು ಅಂಗೈಯಿಂದ ನೇರ ಮಾಡಿದಳು.

“ನಿಮ್ ಫೋಟೋ ಚಂದ ಬಂದೈತ್ರಿ ಅಕ್ಕಾ.”

“ಹಳೇದು ಅದು. ಕುಂದ್ರು, ಚಾ ಇಡ್ತೀನಿ.”

“ಇಡೂವಂತ್ರಿ.” ಬೆರಳನ್ನು ತನ್ನ ಪ್ಯಾರಾಗ್ರಾಫಿನ ಮೇಲೆ ಸರಿಸುತ್ತ ಕೊನೆಯ ಸಾಲಿಗೆ ಬಂದಳು. ನಿಲ್ಲಿಸಿದಳು. “ಇದು ಯಾರ್ದ್ರಿ?”

“ಯಾವುದು?”

“ಏಕೆಂದರೆ.” ಅವಳು ಆ ಪದವನ್ನು ಬೇರೆ ಊರಿನ ತಿಂಡಿಯ ಹೆಸರಿನಂತೆ ಉಚ್ಚರಿಸಿದಳು. “ನಾ ಹುಟ್ಟಿದಾಗಿಂದ ಏಕೆಂದರೆ ಅಂದಿಲ್ರಿ. ನಮ್ಮನ್ಯಾಗ ಯಾರೂ ಅನ್ನಂಗಿಲ್ಲ. ನಮ್ಮ ಮನೆತನದಾಗ ಅನ್ನೋರು ಒಬ್ಬರ ಅದಾರ.”

ನಾನು ಗ್ಯಾಸಿನ ಮುಂದೆ ನಿಂತೇ ಇದ್ದೆ. ಹಚ್ಚಲಿಲ್ಲ. ಪತ್ತೇದಾರಿ ನನ್ನ ಅಡಿಗೆಮನೆಗೇ ಬಂದಿತ್ತು. ಸಾಕ್ಷಿ ಒಂದೇ ಪದ.

“ಓದೋರಿಗೆ ತಿಳೀಲಿ ಅಂತ—”

“ತಿಳೀತಿತ್ರಿ.” ಅವಳ ಧ್ವನಿ ಏರಲಿಲ್ಲ. “ನಮ್ಮ ಹಮಾಲರಿಗೆ ಓದಿ ಹೇಳಿದೆ. ಕೆಂಪು ಅಂದ ಕೂಡ್ಲೆ ಒಬ್ಬಾಂವ ಅಂದ, ಹೋ, ಗಣಿ ಕಡೀಗೆ ಹೋಗಿದ್ಳು ಅಂತ. ನಾ ಇನ್ನಾ ಕಡೀ ಸಾಲು ಓದಿದ್ದಿಲ್ಲ. ಆಮ್ಯಾಲೆ ಓದಿದೆ. ಅವ ಅಂದ, ಇದನ್ನ ಮತ್ಯಾಕ ಹೇಳಾಕತ್ಯಾರಬೇ, ನಾವೇನು ಹುಚ್ಚರಾ ಅಂತ.”

“ನೀನು ಸುಮ್ನ ಅಂದಿದ್ದಿ,” ಎಂದೆ. ನನ್ನ ಕೈಯಲ್ಲಿ ಉಳಿದಿದ್ದ ಕೊನೆಯ ಆಯುಧ ಅದು.

“ಸುಮ್ನ ಅಂದ್ರ ಬ್ಯಾಡಂತಲ್ರಿ, ಅಕ್ಕಾ.” ಪತ್ರಿಕೆಯನ್ನು ಮಡಿಸಿದಳು. “ನನಗ ಬೇಕಿತ್ತು. ನಿಮ್ಮ ಮುಂದ ಬೇಕಂತ ಹೆಂಗ ಅನ್ಲಿ? ನೀವು ಓದಿದವ್ರು.”

ಅಷ್ಟು ವರ್ಷಗಳಲ್ಲಿ ಅವಳಿಗೆ ಏನಾದರೂ ಬೇಕಿರಬಹುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅವಳ ಕಣ್ಣಿನ ಬಗ್ಗೆ ಅತ್ತೆ ಹೇಳಿದ್ದು ಬಾಯಿಪಾಠವಿತ್ತು, ಆ ಕಣ್ಣು ನನ್ನನ್ನೂ ನೋಡುತ್ತಿತ್ತು ಎಂಬುದು ಹೊಳೆದಿರಲಿಲ್ಲ. ಸಾರಿ ಎಂದೆ. ಇಂಗ್ಲಿಷಿನಲ್ಲಿ ಹೇಳುವುದು ಸುಲಭ. ಕನ್ನಡದಲ್ಲಿ ತಪ್ಪಾಯ್ತು ಎನ್ನಲು ಇನ್ನೊಂದು ನಿಮಿಷ ಹಿಡಿಯಿತು. ಅವಳು ಎರಡಕ್ಕೂ ಹ್ಞೂಂ ಎನ್ನಲಿಲ್ಲ.

ಅವಳ ಎದುರಿಗೇ ಸಂಪಾದಕಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಆ ಸಾಲು ನನ್ನದು ಎಂದೆ. ಯಾಕೆ ಹಾಕಿದೆ ಎಂಬುದನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಎಷ್ಟೋ ಹುಡುಗಿಯರು ನನ್ನ ಮೇಜಿನ ಮುಂದೆ ನಿಂತು ಕಾಪಿ ಹೊಡೆದದ್ದನ್ನು ಒಪ್ಪಿಕೊಂಡಿದ್ದಾರೆ. ಆಗ ನಾನೂ ಹೀಗೇ ಸದ್ದಿಲ್ಲದೆ ಕೂತಿರುತ್ತಿದ್ದೆ. ಅವರಿಗೆ ಹೇಗಾಗುತ್ತಿತ್ತು ಎಂದು ಆವತ್ತು ತಿಳಿಯಿತು.

“ಹಂಗಾರ ಅದನ್ನ ತಗದು ಮತ್ತ ಓದ್ತೀನ್ರಿ ಮಿಸ್,” ಎಂದಳು ಸಂಪಾದಕಿ. ಗಟ್ಟಿಯಾಗಿಯೇ ಓದಿದಳು. ಕೆಂಪು ಎಂದು ನಿಂತಳು. ನೆಗೆಣ್ಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಮಿಸ್, ಪುಟ ಅವರಿಗೇ ಕೊಡಬೇಕಾಗ್ತೈತ್ರಿ.”

“ಕೊಡು,” ಎಂದೆ. ಅದು ನಾನು ಆಡಿದ ಅತಿ ಚಿಕ್ಕ ವಾಕ್ಯ.

ನಾನು ಒಳ್ಳೆಯವಳಾದೆ ಎಂದು ಯಾರೂ ತಿಳಿಯಬೇಡಿ. ಆ ಪುಟ ಈಗ ತಿಂಗಳು ತಿಂಗಳು ಅವಳ ಹೆಸರಿನಲ್ಲಿ ಬರುತ್ತದೆ. ಅವಳಿಗೆ ಟೈಪಿಂಗ್ ಬರುವುದಿಲ್ಲ. ನನ್ನಲ್ಲಿ ಕೇಳಲೂ ಇಲ್ಲ. ಮೊದಲ ತಿಂಗಳು ಗಿರಣಿಯ ಲೆಕ್ಕ ಬರೆಯುವವರ ಕೈಲಿ ಬರೆಸಿದಳು. ಅವರು ವಾಕ್ಯಗಳನ್ನೆಲ್ಲ ‘ಮತ್ತು’ ಹಾಕಿ ಹೊಲಿದುಬಿಟ್ಟರು. ಎರಡನೆಯ ತಿಂಗಳು ಫೋನ್ ಬಂತು. “ಅಕ್ಕಾ, ನಾ ಹೇಳ್ತೀನಿ, ನೀವು ಬರಕೋರಿ. ನಾ ಹೇಳಿದ್ದಷ್ಟ.” ಕಡೆಯ ಎರಡು ಪದಗಳನ್ನು ಒತ್ತಿ ಹೇಳಿದಳು.

ಅಂದಿನಿಂದ ತಿಂಗಳಿಗೊಂದು ಮಧ್ಯಾಹ್ನ ನಾನು ಇಯರ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಅವಳು ಹೇಳುತ್ತಾಳೆ. ನಿಲ್ಲುತ್ತಾಳೆ. ಅಲ್ಲಿ ಪೂರ್ಣವಿರಾಮ ಹಾಕುತ್ತೇನೆ. ಬರೆದದ್ದನ್ನು ಅವಳು ಓದಿಸಿ ಕೇಳುತ್ತಾಳೆ, ಪ್ರತಿ ಸಲ, ಮೊದಲಿನಿಂದ ಕೊನೆಯವರೆಗೆ. ನನ್ನನ್ನು ಇನ್ನೂ ನಂಬಿಲ್ಲ, ನಂಬಲೂಬಾರದು. ಹೋದ ತಿಂಗಳು ಒಂದು ವಾಕ್ಯ ಹೇಳಿದಳು, ಗಿರಣಿಯ ತೂಕದ ಕಲ್ಲಿನ ಮೇಲೆ ಕೂತ ನೊಣದ ಬಗ್ಗೆ. ಎಷ್ಟು ಚೆನ್ನಾಗಿತ್ತು ಎಂದರೆ ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತೇ ಹೋಯಿತು.

“ಬರಕೊಂಡ್ರೇನ್ರಿ?” ಎಂದಳು.

ಇಲ್ಲ, ಇನ್ನೊಮ್ಮೆ ಹೇಳು ಎಂದೆ. ಬರೆದುಕೊಂಡಿದ್ದೆ. ಇನ್ನೊಮ್ಮೆ ಕೇಳಬೇಕಿತ್ತು.